ಹೆರಿಗೆಯಾದ ಮೇಲೆ ಏರುವ ಬಿಪಿ: ಮನೆಯಲ್ಲಿ ನೋಡುವುದು ಹೇಗೆ, ಹಾಲೂಡಿಸುವಾಗ ಯಾವ ಮಾತ್ರೆ

ನನ್ನ ಚಿಕ್ಕಮ್ಮನ ಮಗಳಿಗೆ ಹೆರಿಗೆಯಾದ ಐದನೇ ದಿನ. ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದಳು. ‘ಅಕ್ಕಾ, ಮಗು ಎದೆ ಸರಿಯಾಗಿ ಹಿಡೀತಿಲ್ಲ, ಏನ್ ಮಾಡ್ಲಿ?’ ಎಂದು ಕೇಳಲು. ಮಾತಿನ ನಡುವೆ ಸುಮ್ನೆ ಒಂದು ಮಾತು ಸೇರಿಸಿದಳು: ‘ಬೆಳಿಗ್ಗೆಯಿಂದ ತಲೆನೋವು. ಲೈಟ್ ನೋಡಿದ್ರೆ ಕಣ್ಣು ಚುಚ್ಚುತ್ತೆ.’ ಚಿಕ್ಕಮ್ಮ ಅದು ಶೀತ ಅಂದುಕೊಂಡು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದ್ದರು. ಸಾಂಬ್ರಾಣಿ ಹೊಗೆಯೂ ಆಗಿತ್ತು.

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ‘ಚಿಕ್ಕಪ್ಪನ ಬಿಪಿ ಮೆಷಿನ್ ತಗೊಂಡು ಈಗಲೇ ನೋಡು, ಫೋನ್ ಇಡಬೇಡ’ ಎಂದೆ. 164/108 ಬಂತು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿಸಿದೆ. 166/110. ಗರ್ಭಿಣಿಯಾಗಿದ್ದಾಗ ಒಂಬತ್ತನೇ ತಿಂಗಳಲ್ಲಿ ಒಂದೇ ಒಂದು ಸಲ 142/90 ಬಂದಿತ್ತು, ಆಮೇಲೆ ಇಳಿದಿತ್ತು. ಮಾತ್ರೆ ಕೊಟ್ಟಿರಲಿಲ್ಲ. ಮೂರನೇ ದಿನ ಮನೆಗೆ ಕಳಿಸುವಾಗ 134/84 ಇತ್ತು. ಅಂದರೆ ಆಸ್ಪತ್ರೆಯಲ್ಲಿ ಇರುವವರೆಗೂ ಎಲ್ಲ ಸರಿಯಾಗಿಯೇ ಇತ್ತು.

ಈ ಲೇಖನ ಬರೆಯುತ್ತಿರುವುದು ಅದಕ್ಕೇ. ‘ಮಗು ಆಚೆ ಬಂತಲ್ಲ, ಇನ್ನು ಬಿಪಿ ತಾನಾಗಿ ಇಳಿಯುತ್ತೆ’ ಎಂದು ಬಹಳ ಮನೆಗಳಲ್ಲಿ ಅಂದುಕೊಳ್ಳುತ್ತಾರೆ. ಬಸುರಿಯಲ್ಲಿ ಮೈಯಲ್ಲಿ ಸೇರಿಕೊಂಡ ನೀರು ಹೆರಿಗೆಯಾದ ಮೇಲೆ ಮೆಲ್ಲಗೆ ರಕ್ತನಾಳಕ್ಕೆ ವಾಪಸ್ ಬರುತ್ತದೆ. ಹಾಗಾಗಿ ಬಿಪಿ ಅತಿ ಜಾಸ್ತಿ ಆಗುವುದು ಹೆರಿಗೆಯ ದಿನವಲ್ಲ, ಮೂರರಿಂದ ಆರನೇ ದಿನದೊಳಗೆ. ನಾರ್ಮಲ್ ಹೆರಿಗೆಯಾದವರು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ. ಎಷ್ಟೋ ಜನ ಹೆರಿಗೆ ಮಾಡಿಸಿದ ಆಸ್ಪತ್ರೆಯಿಂದ ದೂರದ ತವರೂರಿನಲ್ಲಿ ಇರುತ್ತಾರೆ. ಬಸುರಿಯಲ್ಲಿ ಬಿಪಿ ಇದ್ದವರಿಗೆ ಇದು ಜಾಸ್ತಿ, ಆದರೆ ಮೊದಲು ಒಂದು ಸಲವೂ ಏರದೇ ಇದ್ದವರಿಗೂ ಬರಬಹುದು.

ಮನೆಗೆ ಹೊರಡುವ ಮುಂಚೆ

ಡಿಸ್ಚಾರ್ಜ್ ದಿನ ಗಡಿಬಿಡಿ ಇರುತ್ತದೆ. ಬಿಲ್ಲು, ಗಾಡಿ, ಮಗುವಿನ ಲಸಿಕೆ. ಅದರ ಮಧ್ಯೆ ನಾಲ್ಕು ವಿಷಯ ಕೇಳಿ, ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಇವತ್ತಿನ ಬಿಪಿ ಎಷ್ಟು? ಮಾತ್ರೆ ಇದ್ದರೆ ಹೆಸರೇನು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ? ಮತ್ತೆ ಯಾವಾಗ ಬಿಪಿ ನೋಡಿಸಬೇಕು? ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಬಸುರಿಯಲ್ಲಿ ಬಿಪಿ ತುಂಬಾ ಏರಿದ್ದವರನ್ನು ಹೆರಿಗೆಯಾಗಿ 72 ಗಂಟೆಯೊಳಗೆ ಮತ್ತೆ ನೋಡಬೇಕು. ಸ್ವಲ್ಪ ಏರಿದ್ದವರನ್ನೂ ಏಳರಿಂದ ಹತ್ತು ದಿನದೊಳಗೆ ನೋಡಬೇಕು. ಆರು ವಾರದ ಚೆಕಪ್‌ಗೆ ಬನ್ನಿ ಎಂದಷ್ಟೇ ಹೇಳಿ ಕಳಿಸಿದರೆ, ‘ಅದಕ್ಕೆ ಮುಂಚೆ ಬಿಪಿ ಎಲ್ಲಿ ನೋಡಿಸಲಿ?’ ಎಂದು ನೀವೇ ಕೇಳಿ. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆ ಮೂರನೇ, ಏಳನೇ, ಹದಿನಾಲ್ಕನೇ ದಿನ ಮಗುವನ್ನು ನೋಡಲು ಮನೆಗೆ ಬರುತ್ತಾರೆ. ಅವರು ಬಂದಾಗ ತಾಯಿಯ ವಿಷಯವನ್ನೂ ಹೇಳಿ. ಪಿಎಚ್‌ಸಿಯ ಸಿಸ್ಟರ್ ಹತ್ತಿರ ಬಿಪಿ ನೋಡಿಸಲು ಅವರೇ ದಾರಿ ಮಾಡಿಕೊಡುತ್ತಾರೆ.

ಇನ್ನೊಂದು ವಿಷಯ. ರಕ್ತಸ್ರಾವ ನಿಲ್ಲಲಿ ಎಂದು ಕೆಲವೊಮ್ಮೆ ಮಿಥೈಲ್‌ಎರ್ಗೊಮೆಟ್ರಿನ್ ಮಾತ್ರೆ ಕೊಡುತ್ತಾರೆ. ಅದು ರಕ್ತನಾಳವನ್ನೂ ಬಿಗಿ ಮಾಡುತ್ತದೆ, ಬಿಪಿ ಏರಿಸುತ್ತದೆ. ಬಿಪಿ ಇದ್ದವರಿಗೆ ಅದು ಬೇಡ. ಚೀಟಿಯಲ್ಲಿ ಕಂಡರೆ ‘ನನಗೆ ಬಿಪಿ ಇತ್ತು’ ಎಂದು ಹೇಳಿ. ಶೀತದ ಮಾತ್ರೆಯಲ್ಲಿ ಮೂಗು ಬಿಡಿಸಲು ಹಾಕುವ ಫೀನೈಲ್‌ಎಫ್ರಿನ್ ಕೂಡ ಹಾಗೆಯೇ ಬಿಪಿ ಏರಿಸಬಹುದು. ಹೊಲಿಗೆ ನೋವಿಗೆ ಪ್ಯಾರಾಸಿಟಮಾಲ್ ತಗೊಳ್ಳಬಹುದು. ಡೈಕ್ಲೋಫಿನಾಕ್, ಐಬುಪ್ರೊಫೆನ್ ಎಲ್ಲರಿಗೂ ಕೂಡದು ಎಂದಲ್ಲ. ಆದರೆ ಬಿಪಿ ತುಂಬಾ ಏರಿದ್ದರೆ, ಕಿಡ್ನಿ ಟೆಸ್ಟ್ ಕೆಟ್ಟಿದ್ದರೆ ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು.

ಬಿಪಿ ನೋಡುವ ಬಗೆ

ಮೆಷಿನ್ ತೋಳಿಗೆ ಪಟ್ಟಿ ಕಟ್ಟುವಂಥದ್ದೇ ಆಗಬೇಕು. ಮಣಿಕಟ್ಟಿನದು ಬೇಡ. ಗರ್ಭಿಣಿಯರಲ್ಲಿ ಪರೀಕ್ಷೆ ಮಾಡಿ ಸರಿ ಎಂದು ತೋರಿಸಿದ ಮೆಷಿನ್ ಸಿಕ್ಕರೆ ಒಳ್ಳೆಯದು. ಗರ್ಭನಂಜು, ಅಂದರೆ ಬಸುರಿಯಲ್ಲಿ ಬಿಪಿ ಏರಿ ಕಿಡ್ನಿ, ಲಿವರ್‌ನಂಥ ಅಂಗಗಳಿಗೂ ತೊಂದರೆಯಾಗುವ ಕಾಯಿಲೆ, ಇದ್ದವರಲ್ಲಿ ಕೆಲವು ಮೆಷಿನ್‌ಗಳು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಆದ್ದರಿಂದ ಒಂದು ಸಲ ಮೆಷಿನ್ ತಗೊಂಡು ಆಸ್ಪತ್ರೆಗೆ ಹೋಗಿ, ಸಿಸ್ಟರ್ ನೋಡಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಎಂದು ಹೋಲಿಸಿ ನೋಡಿ. ತೋಳು ದಪ್ಪ ಇದ್ದವರಿಗೆ ದೊಡ್ಡ ಪಟ್ಟಿ ಬೇಕು. ಚಿಕ್ಕ ಪಟ್ಟಿ ಬಿಗಿದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ.

ಬಾಣಂತಿ ಕೋಣೆಯಲ್ಲಿ ಇದನ್ನು ಹೇಗೆ ಮಾಡುವುದು? ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಮಗುವನ್ನು ಅಮ್ಮನ ಕೈಗೆ ಕೊಡಿ. ಹಾಲೂಡಿಸುತ್ತಾ ನೋಡಬೇಡಿ. ಬಿಸಿನೀರು ಎರೆದುಕೊಂಡು ಬಂದ ತಕ್ಷಣವೂ ಬೇಡ, ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಕುರ್ಚಿಯಲ್ಲಿ ಬೆನ್ನು ಒರಗಿಸಿ, ಪಾದ ಎರಡೂ ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂರಿ. ಸೊಂಟಕ್ಕೆ ಕಟ್ಟಿದ ಬಟ್ಟೆ ತುಂಬಾ ಬಿಗಿ ಇದ್ದರೆ ಸಡಿಲಿಸಿ. ಕೈಯನ್ನು ದಿಂಬಿನ ಮೇಲೆ ಇಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಪಟ್ಟಿಯನ್ನು ತೋಳಿನ ಚರ್ಮದ ಮೇಲೆಯೇ ಕಟ್ಟಬೇಕು, ನೈಟಿ ತೋಳಿನ ಮೇಲಲ್ಲ. ಒಂದು ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ಎರಡನ್ನೂ ಬರೆದಿಡಿ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ಅರ್ಧ ಗಂಟೆಗೊಮ್ಮೆ ನೋಡುತ್ತಾ ಕೂತರೆ ಗಾಬರಿ ಜಾಸ್ತಿಯಾಗುತ್ತೆ, ನಿದ್ದೆ ಹೋಗುತ್ತೆ. ಮೊದಲ ಹತ್ತು ದಿನ ತಪ್ಪಿಸಬೇಡಿ. ಮಾತ್ರೆ ಇದ್ದವರು ಮಾತ್ರೆ ನಿಲ್ಲುವವರೆಗೂ ಬರೆಯುತ್ತಾ ಹೋಗಿ.

ಆ ನಂಬರ್ ಏನು ಹೇಳುತ್ತದೆ

ಮೇಲಿನ ನಂಬರ್ 140, ಕೆಳಗಿನದು 90 ಇದರ ಒಳಗೆ ಇದ್ದರೆ ನಿಮ್ಮ ಪಾಡಿಗೆ ಇರಿ, ನೋಡುವುದನ್ನು ಮುಂದುವರಿಸಿ. ಎರಡರಲ್ಲಿ ಯಾವುದಾದರೂ ಒಂದು ಅದನ್ನು ಮುಟ್ಟಿ, ಬೇರೆ ಏನೂ ತೊಂದರೆ ಇಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಮೇಲಿನದು 150 ಅಥವಾ ಕೆಳಗಿನದು 100 ಮುಟ್ಟಿದರೆ ಅದೇ ದಿನ ಹೋಗಿ ತೋರಿಸಬೇಕು. ಸಾಮಾನ್ಯವಾಗಿ ಮಾತ್ರೆ ಶುರು ಮಾಡುವುದು ಅಥವಾ ಜಾಸ್ತಿ ಮಾಡುವುದು ಈ ಮಟ್ಟದಲ್ಲಿಯೇ.

ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೇ ಇದ್ದರೆ ಹೊರಟುಬಿಡಿ. ಬೆಳಗಾಗಲಿ ಎಂದು ಕಾಯುವ ಬಿಪಿ ಅದಲ್ಲ. ಆಸ್ಪತ್ರೆಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಔಷಧಿ ಕೊಡಲೇಬೇಕಾದ ಮಟ್ಟ ಅದು. ತಡವಾದರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಇದೆ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ‘ಹೆರಿಗೆಯಾಗಿ ಇಷ್ಟು ದಿನ, ಬಿಪಿ ಇಷ್ಟು’ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಆಸ್ಪತ್ರೆಯ ಕೌಂಟರಿನಲ್ಲೂ ಹಾಗೇ ಹೇಳಬೇಕು. ಹೊಟ್ಟೆ ಇಳಿದ ಹೆಂಗಸು ತಲೆನೋವು ಎಂದು ಬಂದರೆ, ಹೆರಿಗೆಯಾಗಿ ಐದು ದಿನ ಎಂಬುದು ನೀವು ಹೇಳದೆ ಯಾರಿಗೂ ಹೊಳೆಯದೇ ಹೋಗಬಹುದು.

ಕೆಲವು ಲಕ್ಷಣಗಳು ಇದ್ದರೆ ನಂಬರ್ ಅಷ್ಟು ದೊಡ್ಡದಿಲ್ಲದಿದ್ದರೂ ತಕ್ಷಣ ಹೋಗಬೇಕು. ಪ್ಯಾರಾಸಿಟಮಾಲ್‌ಗೆ ಬಗ್ಗದ ತಲೆನೋವು. ಕಣ್ಣು ಮಂಜಾಗುವುದು, ಚುಕ್ಕೆ ಕಾಣುವುದು, ಬೆಳಕು ಚುಚ್ಚುವುದು. ಎದೆಗೂಡಿನ ಕೆಳಗೆ, ಬಲಗಡೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಇದನ್ನು ಗ್ಯಾಸ್ ಎಂದು ಓಮದ ನೀರು ಕುಡಿಸಿ ಮಲಗಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಲಗಿದರೆ ಉಸಿರು ಕಟ್ಟುವುದು, ಗೊಂದಲ ಗೊಂದಲವಾಗಿ ಮಾತಾಡುವುದು, ಮುಖ ಒಮ್ಮೆಲೇ ಊದುವುದು ಕೂಡ ಇದೇ ಸಾಲಿಗೆ ಸೇರುತ್ತವೆ. ಫಿಟ್ಸ್ ಬಂದರೆ ಎಡಗಡೆ ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, 108 ಕರೆಯಿರಿ. ಅದನ್ನು ಸನ್ನಿ ಎಂದೋ ಗಾಳಿ ಸೋಕಿತು ಎಂದೋ ತಾಯತ ಕಟ್ಟಿಸಲು ಹೋದರೆ ಆ ಹೊತ್ತಿನಲ್ಲೇ ಜೀವ ಹೋಗಬಹುದು. ಹೆರಿಗೆಯಾದ ಮೇಲಿನ ಫಿಟ್ಸ್ ಹೆಚ್ಚಾಗಿ ಮೊದಲ ಎರಡು ದಿನದಲ್ಲಿ ಬರುತ್ತದೆ, ಆದರೆ ಕೆಲವರಿಗೆ ವಾರಗಳಾದ ಮೇಲೂ ಬಂದದ್ದಿದೆ.

ಸಿಸೇರಿಯನ್ ಆದವರು ‘ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಲ್ಲ, ಅದರ ತಲೆನೋವು’ ಎನ್ನುತ್ತಾರೆ. ಅಂಥ ತಲೆನೋವೂ ಇದೆ. ಎದ್ದು ಕೂತರೆ ಜೋರಾಗುತ್ತದೆ, ಮಲಗಿದರೆ ಇಳಿಯುತ್ತದೆ. ಮಲಗಿದರೂ ಇಳಿಯದ ತಲೆನೋವು ಬೇರೆ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದೇ, ಬಿಪಿ ನೋಡುವುದು.

ನನ್ನ ತಂಗಿಯನ್ನು ಆ ರಾತ್ರಿ ಹನ್ನೆರಡೂವರೆಗೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ನುಂಗಲು ನಿಫೆಡಿಪಿನ್ 10 ಮಿಲಿಗ್ರಾಂ ಕೊಟ್ಟರು. ಒಂದು ಗಂಟೆಯಲ್ಲಿ 148/96ಕ್ಕೆ ಇಳಿಯಿತು. ತಲೆನೋವು, ಕಣ್ಣಿನ ತೊಂದರೆ ಇದ್ದುದರಿಂದ ಫಿಟ್ಸ್ ಬಾರದಿರಲಿ ಎಂದು ಒಂದು ದಿನ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟರು. ಪ್ಲೇಟ್‌ಲೆಟ್, ಲಿವರ್, ಕಿಡ್ನಿ ಟೆಸ್ಟ್ ಆಯಿತು, ಮೂತ್ರದಲ್ಲಿ ಪ್ರೋಟೀನ್ ನೋಡಿದರು. ಮಗು ಪಕ್ಕದಲ್ಲೇ ಇತ್ತು, ಹಾಲು ನಿಲ್ಲಿಸಲಿಲ್ಲ. ಎಂಟನೇ ದಿನ ಮನೆಗೆ ಬಂದಳು. ಕೈಯಲ್ಲಿ ನಿಫೆಡಿಪಿನ್ ರಿಟಾರ್ಡ್ 20 ಮಿಲಿಗ್ರಾಂ, ಬೆಳಿಗ್ಗೆ ಒಂದು ರಾತ್ರಿ ಒಂದು.

ಮಾತ್ರೆ ಮತ್ತು ಎದೆಹಾಲು

ಹತ್ತನೇ ದಿನ ಅವಳ ಅಜ್ಜಿ ಬಂದರು. ಆಕೆಯ ಮಾತು ಪ್ರೀತಿಯದ್ದೇ: ‘ಬಿಪಿ ಮಾತ್ರೆ ಉಷ್ಣ, ಹಾಲಿಗೆ ಇಳಿದು ಕೂಸಿಗೆ ಹೋಗ್ತದೆ. ನಿಂಗೆ ಈಗ ತಲೆನೋವು ಇಲ್ವಲ್ಲ, ಬಿಡು.’ ಮೂರು ಹೊತ್ತಿನ ಮಾತ್ರೆ ಬಿಟ್ಟಳು. ಮರುದಿನ ಸಂಜೆ 152/100. ತಲೆನೋವು ಇರಲಿಲ್ಲ, ಮೆಷಿನ್ ಮಾತ್ರ ಹೇಳಿತು. ಡಾಕ್ಟರಿಗೆ ಫೋನ್ ಮಾಡಿ ಮತ್ತೆ ಶುರು ಮಾಡಿದಳು.

ಅಜ್ಜಿಯ ಪ್ರಶ್ನೆಗೆ ಸರಿಯಾದ ಉತ್ತರ ಹೇಳಬೇಕಲ್ಲವೇ? ತಾಯಿ ನುಂಗಿದ ಮಾತ್ರೆಗಳೆಲ್ಲ ಸ್ವಲ್ಪವಾದರೂ ಹಾಲಿಗೆ ಹೋಗುತ್ತವೆ, ನಿಜ. ಎಷ್ಟು ಹೋಗುತ್ತದೆ ಎನ್ನುವುದೇ ಮುಖ್ಯ. ನಿಫೆಡಿಪಿನ್ ಹಾಲಿಗೆ ಹೋಗುವುದು ಎಷ್ಟು ಕಡಿಮೆ ಎಂದರೆ ಮಗುವಿಗೆ ಅದರಿಂದ ತೊಂದರೆ ಆಗುತ್ತದೆ ಎಂದು ಕಂಡುಬಂದಿಲ್ಲ. ಹಾಗಾಗಿ ಹಾಲೂಡಿಸುವವರಿಗೆ ಸಾಮಾನ್ಯವಾಗಿ ಮೊದಲು ಬರೆಯುವ ಮಾತ್ರೆಗಳಲ್ಲಿ ಅದೂ ಒಂದು. ಮಾತ್ರೆ ತಗೊಂಡು ಇಷ್ಟು ಗಂಟೆ ಹಾಲು ಕೊಡಬಾರದು ಎಂಬುದಿಲ್ಲ. ಹಾಲು ಹಿಂಡಿ ಚೆಲ್ಲಬೇಕಾಗಿಲ್ಲ. ಆದರೆ ಒಂದು ಎಚ್ಚರ. ರಿಟಾರ್ಡ್ ಎಂದು ಬರೆದ ಮಾತ್ರೆ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಅದನ್ನು ಅರೆಯಬಾರದು, ಅಗಿಯಬಾರದು, ಇಡಿಯಾಗಿ ನುಂಗಬೇಕು. ನಾಲಿಗೆ ಕೆಳಗೆ ಇಡುವ ಹಳೆಯ ಪದ್ಧತಿ ಬೇಡ, ಬಿಪಿ ಧುಮುಕಿಬಿಡುತ್ತದೆ.

ಈ ಮಾತ್ರೆಗೆ ಮೊದಲ ದಿನಗಳಲ್ಲಿ ಮುಖ ಕೆಂಪಾಗುವುದು, ತಲೆ ಭಾರವಾಗುವುದು, ಕಾಲಿನ ಗಂಟು ಊದುವುದು ಇರುತ್ತದೆ. ಇದೇ ತಲೆನೋವು ಬಿಪಿ ಏರಿದ್ದರಿಂದಲೂ ಬರಬಹುದು. ಊಹೆ ಮಾಡಬೇಡಿ, ಬಿಪಿ ನೋಡಿ. 124/80 ಇದ್ದು ತಲೆ ಭಾರ ಇದ್ದರೆ ಅದು ಬಹುಶಃ ಮಾತ್ರೆಯದ್ದು, ನಾಳೆ ಡಾಕ್ಟರಿಗೆ ಹೇಳಬಹುದು. 150/100 ಇದ್ದರೆ ಇವತ್ತೇ ಹೋಗಿ.

ನಿಫೆಡಿಪಿನ್ ಒಗ್ಗದವರಿಗೆ ಅಥವಾ ಅದೊಂದೇ ಸಾಲದಿದ್ದರೆ ಎನಲಾಪ್ರಿಲ್ ಕೊಡುತ್ತಾರೆ. ಇಲ್ಲಿ ಬಹಳ ಜನ ಗಾಬರಿಯಾಗುತ್ತಾರೆ. ಡಬ್ಬಿಯ ಒಳಗಿನ ಕಾಗದದಲ್ಲಿ ‘ಗರ್ಭಿಣಿಯರು ತಗೊಳ್ಳಬಾರದು’ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಅದು ನಿಜವೇ. ಹೊಟ್ಟೆಯೊಳಗಿನ ಮಗುವಿನ ಕಿಡ್ನಿಗೆ ಆ ಮಾತ್ರೆ ಕೆಟ್ಟದ್ದು. ಆದರೆ ಹೊಕ್ಕುಳಬಳ್ಳಿಯ ಮೂಲಕ ಹೋಗುವುದು ಬೇರೆ, ಹಾಲಿನ ಮೂಲಕ ಹೋಗುವುದು ಬೇರೆ. ಹಾಲಿಗೆ ಎನಲಾಪ್ರಿಲ್ ಹೋಗುವುದು ತೀರಾ ಕಡಿಮೆ. ಬ್ರಿಟನ್ನಿನಲ್ಲಿ 2019ರ ಮಾರ್ಗಸೂಚಿ ಹೆರಿಗೆಯಾದ ಮೇಲೆ ಮೊದಲು ಕೊಡುವ ಮಾತ್ರೆಯಾಗಿ ಇದನ್ನೇ ಹೇಳುತ್ತದೆ. ತಾಯಿಗೆ ಕಿಡ್ನಿ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸುತ್ತಾ ಇರಬೇಕು. ಒಣ ಕೆಮ್ಮು ಶುರುವಾದರೆ ತಿಳಿಸಬೇಕು. ದಿನ ತುಂಬದೆ ಹುಟ್ಟಿದ ಮಗು ಇದ್ದರೆ ಮಕ್ಕಳ ಡಾಕ್ಟರಿಗೂ ಹೇಳಿಯೇ ಶುರು ಮಾಡಬೇಕು. ಈ ಮಾತ್ರೆ ತಗೊಳ್ಳುವಾಗ ಮತ್ತೆ ಬಸುರಾಗದ ಹಾಗೆ ನೋಡಿಕೊಳ್ಳಬೇಕು. ಹಾಲೂಡಿಸುತ್ತಿದ್ದರೆ ಬಸುರಾಗುವುದಿಲ್ಲ ಎಂದು ನಂಬಿ ಕೂರಬೇಡಿ. ಕಾಂಡೋಮ್, ಕಾಪರ್-ಟಿ ಆಗುತ್ತದೆ. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಗುಳಿಗೆ ಬಿಪಿ ಏರಿಸಬಹುದು, ಈಗ ಅದು ಬೇಡ.

ಲಾಬೆಟಲಾಲ್ ಮೂರನೆಯದು. ಬಸುರಿಯಲ್ಲಿ ಇದನ್ನು ತಗೊಳ್ಳುತ್ತಿದ್ದವರು ಅದನ್ನೇ ಮುಂದುವರಿಸುವುದುಂಟು. ಇದೂ ಹಾಲಿಗೆ ಹೋಗುವುದು ಕಡಿಮೆ. ಆಸ್ತಮಾ ಇದ್ದವರಿಗೆ ಮಾತ್ರ ಆಗದು. ಮಗು ತೀರಾ ಮಂಕಾಗಿ, ಎಬ್ಬಿಸಿದರೂ ಹಾಲು ಕುಡಿಯದೆ, ಮೈ ತಣ್ಣಗಾಗಿ ಇದ್ದರೆ ಕೂಡಲೇ ತೋರಿಸಿ.

ಬಸುರಿಯಲ್ಲಿ ಮಿಥೈಲ್‌ಡೋಪಾ ತಗೊಳ್ಳುತ್ತಿದ್ದವರು ನಮ್ಮಲ್ಲಿ ಇದ್ದಾರೆ. ಹಾಲಿಗೆ ಅದರಿಂದ ತೊಂದರೆ ಇಲ್ಲ. ಆದರೆ ಅದು ಮನಸ್ಸನ್ನು ಇನ್ನಷ್ಟು ಕುಗ್ಗಿಸಬಹುದು. ಬಾಣಂತಿಗೆ ಮೊದಲೇ ಅಳು, ನಿದ್ದೆಗೇಡು ಇರುವ ದಿನಗಳು. ಹಾಗಾಗಿ ಹೆರಿಗೆಯಾಗಿ ಎರಡು ದಿನದೊಳಗೆ ಬೇರೆ ಮಾತ್ರೆಗೆ ಬದಲಿಸುತ್ತಾರೆ. ಅದನ್ನು ಬದಲಿಸದೆಯೇ ಮನೆಗೆ ಕಳಿಸಿದ್ದರೆ ಕೇಳಿ.

ಇನ್ನು ಮಾವನ ಡಬ್ಬಿಯ ಮಾತ್ರೆ. ಮನೆಯಲ್ಲಿ ಬಿಪಿ ಇರುವ ಹಿರಿಯರು ಇದ್ದೇ ಇರುತ್ತಾರೆ. ‘ಎಲ್ಲ ಬಿಪಿ ಮಾತ್ರೆಯೇ ಅಲ್ವಾ, ಒಂದು ನುಂಗು’ ಎಂದು ಕೊಟ್ಟುಬಿಡುತ್ತಾರೆ. ಅದರಲ್ಲಿ ಹೆಚ್ಚಾಗಿ ಇರುವುದು ಟೆಲ್ಮಿಸಾರ್ಟನ್. ಹಾಲೂಡಿಸುವವರಲ್ಲಿ ಅದರ ಬಗ್ಗೆ ತಿಳಿದಿರುವುದು ಕಡಿಮೆ, ಆದ್ದರಿಂದ ಕೊಡುವುದಿಲ್ಲ. ಅಟೆನೊಲಾಲ್ ಇದ್ದರೆ ಅದು ಉಳಿದವುಗಳಿಗಿಂತ ಜಾಸ್ತಿ ಹಾಲಿಗೆ ಹೋಗುತ್ತದೆ, ಎಳೆ ಮಗುವಿನ ಎದೆಬಡಿತ ನಿಧಾನ ಮಾಡಬಹುದು. ನೀರಿಳಿಸುವ ಮಾತ್ರೆ ಸೇರಿದ್ದರೆ ಹಾಲು ಕಡಿಮೆಯಾಗಬಹುದು. ಮಾವನ ಮೆಷಿನ್ ತಗೊಳ್ಳಿ, ಮಾತ್ರೆ ಬೇಡ.

ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ತಗೊಳ್ಳಿ. ಮುಂದಿನದಕ್ಕೆ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ. ರಾತ್ರಿ ಹಾಲೂಡಿಸಲು ಏಳುವ ಹೊತ್ತಿಗೆ ಮೊಬೈಲ್ ಅಲಾರಂ ಇಟ್ಟುಕೊಂಡರೆ ಮರೆಯುವುದಿಲ್ಲ.

ಪಥ್ಯದ ಬಗ್ಗೆ ಒಂದೇ ಮಾತು. ಬಾಯಾರಿದಷ್ಟು ನೀರು ಕುಡಿಯಿರಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಗಂಟಲು ಒಣಗಿಸಿಕೊಳ್ಳಬೇಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಾತ್ರ ಈ ಕೆಲವು ವಾರ ದೂರ ಇರಲಿ.

ಮಾತ್ರೆ ಇಳಿಸುವುದು

ಬಹಳ ಜನಕ್ಕೆ ಎರಡು ವಾರದ ಮೇಲೆ ಬಿಪಿ ಇಳಿಯತೊಡಗುತ್ತದೆ. ಆಗ ಹಳೆಯ ಡೋಸನ್ನೇ ನುಂಗುತ್ತಿದ್ದರೆ ಕಣ್ಣು ಕತ್ತಲೆ ಬಂದು ಮಗುವನ್ನು ಎತ್ತಿಕೊಂಡೇ ಬೀಳುವ ಅಪಾಯ ಇದೆ. ಆದ್ದರಿಂದ ನಾಲ್ಕೈದು ದಿನ 130/80ಕ್ಕಿಂತ ಕೆಳಗೆ ಬರುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಬರೆದ ಹಾಳೆ ತಗೊಂಡು ಡಾಕ್ಟರ ಹತ್ತಿರ ಹೋಗಿ. 110/70ಕ್ಕಿಂತ ಕೆಳಗಿದ್ದರೆ ಮುಂದಿನ ಮಾತ್ರೆಗೆ ಮುಂಚೆಯೇ ಫೋನ್ ಮಾಡಿ ಕೇಳಿ.

ತಂಗಿಗೆ ಮೂರನೇ ವಾರ 118/74 ಬರತೊಡಗಿತು. 20ರ ಬದಲು 10 ಮಿಲಿಗ್ರಾಂನ ಮಾತ್ರೆ ಕೊಟ್ಟರು. ರಿಟಾರ್ಡ್ ಮಾತ್ರೆಯನ್ನು ಮನೆಯಲ್ಲಿ ಅರ್ಧ ಮಾಡಬಾರದು, ಬೇರೆ ಮಾತ್ರೆಯನ್ನೇ ಬರೆಸಬೇಕು. ನಾಲ್ಕನೇ ವಾರ ರಾತ್ರಿಯದ್ದು ಬಿಡಿಸಿದರು. ಐದನೇ ವಾರ ಬೆಳಗಿನದ್ದೂ ನಿಂತಿತು. ನಿಂತ ಮೇಲೂ ಒಂದು ವಾರ ದಿನಾ ನೋಡಿ ಬರೆದಳು. 128/82ರ ಮೇಲೆ ಹೋಗಲಿಲ್ಲ.

ಮಗುವಿಗೆ ಆರು ವಾರಕ್ಕೆ ಲಸಿಕೆ ಇರುತ್ತದೆ. ಆವತ್ತು ಎಲ್ಲರ ಗಮನ ಮಗುವಿನ ಮೇಲೆಯೇ. ಅದೇ ದಿನ ತಾಯಿಯ ಬಿಪಿ, ಮೂತ್ರದ ಪ್ರೋಟೀನ್ ಎರಡನ್ನೂ ಮಾಡಿಸಿಕೊಂಡು ಬನ್ನಿ, ಎರಡು ಸಲ ಓಡಾಡುವುದು ತಪ್ಪುತ್ತದೆ. ಮೂರು ತಿಂಗಳಾದರೂ 140/90ರ ಮೇಲೆಯೇ ಇದ್ದರೆ ಅದು ಬಸುರಿಯ ಬಿಪಿ ಅಲ್ಲ. ಕಿಡ್ನಿ, ಥೈರಾಯ್ಡ್, ಬೇರೆ ಕಾರಣ ಹುಡುಕಲು ಫಿಜಿಷಿಯನ್ ನೋಡಬೇಕು. ಪೂರ್ತಿ ಇಳಿದವರೂ ವರ್ಷಕ್ಕೊಮ್ಮೆ ಬಿಪಿ ನೋಡಿಸಬೇಕು. ಯಾಕೆಂದರೆ ಇವರಿಗೆ ಮುಂದೆ ಬಿಪಿ, ಹೃದಯದ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ.

ತಂಗಿ ಆ ಹಾಳೆಗಳನ್ನು ಮಗುವಿನ ಲಸಿಕೆ ಕಾರ್ಡಿನ ಕವರಿನಲ್ಲೇ ಇಟ್ಟಿದ್ದಾಳೆ. ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ: ‘ಮುಂದಿನ ಬಸುರಿಯಲ್ಲಿ ಮೊದಲ ಚೆಕಪ್‌ನಲ್ಲೇ ತೋರಿಸಬೇಕು.’ ಗರ್ಭನಂಜು ಆಗಿದ್ದವರಿಗೆ ಮುಂದಿನ ಸಲ ಹನ್ನೆರಡನೇ ವಾರದಿಂದ ಸಣ್ಣ ಡೋಸಿನ ಆಸ್ಪಿರಿನ್ ಶುರು ಮಾಡುತ್ತಾರೆ. ಐದನೇ ತಿಂಗಳಿಗೆ ಹೋಗಿ ಹೇಳಿದರೆ ಅದರಿಂದ ಆಗುವ ಲಾಭ ಕಡಿಮೆಯಾಗಬಹುದು.